ಊಟ ಆಯ್ತಾ? ನಿಮ್ದು?

ಬೊರಿವಲಿಯ ಯಾವುದೇ ಉಡುಪಿ ಹೋಟೆಲಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಸಪ್ಲೈಯರ್ ಹುಡುಗನನ್ನು "ಊಟ ಆಯ್ತಾ?" ಎಂದು ಕೇಳಿದರೆ ಅವನಿಗೆ ಉತ್ತರ ಹೇಳಲೂ ಪುರುಸೊತ್ತಿರುವುದಿಲ್ಲ. ಊರೆಲ್ಲ ಉಣ್ಣುವ ಹೊತ್ತು ಅವನಿಗೆ ಬಡಿಸುವ ಹೊತ್ತು. ಅವನ ಊಟ ಒಂದೋ ರಶ್ ಶುರುವಾಗುವ ಮೊದಲೇ ಆಗಿರಬೇಕು, ಇಲ್ಲವೇ ಕೊನೆಯ ಮೇಜು ಒರೆಸಿದ ಮೇಲೆ, ಮೂರು ದಾಟಿ. ಆದರೂ ಊರಿನಿಂದ ಫೋನ್ ಬಂದರೆ ಅಮ್ಮನ ಮೊದಲ ಮಾತು ಅದೇ. ತುಳುವರ ಮನೆಯಾದರೆ "ಒಣಸ್ ಆಂಡಾ?", ಕುಂದಾಪುರದ ಕಡೆಯಾದರೆ "ಉಂಡ್ಯಾ?".

ಈ ಮಾತಿನ ಕಟ್ಟೋಣವನ್ನು ಸ್ವಲ್ಪ ಗಮನಿಸಬೇಕು. "ಊಟ ಆಯ್ತಾ" ಎನ್ನುವಾಗ ಉಂಡವರು ಯಾರು ಎಂಬುದು ವಾಕ್ಯದಲ್ಲಿ ಇಲ್ಲವೇ ಇಲ್ಲ. ಆದದ್ದು ಊಟ, ಕ್ರಿಯಾಪದ ಊಟದ ಜೊತೆ ಹೋಗುತ್ತದೆ, ಮನುಷ್ಯನ ಜೊತೆ ಅಲ್ಲ. ಹಾಗಾಗಿ ಕೇಳುವವರು ಎದುರಿನವರನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ ಎಂದು ಮೊದಲೇ ತೀರ್ಮಾನಿಸಬೇಕಾಗಿಲ್ಲ. "ಊಟ ಮಾಡಿದ್ಯಾ", "ಮಾಡಿದ್ರಾ" ಎಂದರೆ ಆ ತೀರ್ಮಾನ ಆಗಿಯೇ ಹೋಯಿತು. ತುಳುವಿನ "ಒಣಸ್ ಆಂಡಾ" ಕೂಡ ಇದೇ ಅಚ್ಚಿನದು. ಮರಾಠಿಯ "ಜೇವಣ್ ಝಾಲಂ ಕಾ" ಸಹ. ಮಹಡಿಯ ಮೇಲಿನ ಗುಜರಾತಿ ನೆರೆಯವರು ಮಾತ್ರ "ಜಮ್ಯಾ?" ಎಂದು ನೇರ ಉಂಡವರನ್ನೇ ಹಿಡಿಯುತ್ತಾರೆ. ಅಲ್ಲಿ ಸಲಿಗೆಗೊಂದು ರೂಪ, ಗೌರವಕ್ಕೊಂದು ರೂಪ, ಗಂಡಿಗೊಂದು, ಹೆಣ್ಣಿಗೊಂದು.

ಧಾರವಾಡದವರು ಈ ಅನುಕೂಲವನ್ನು ಪೂರ್ತಿ ಬಳಸಿಕೊಳ್ಳುವುದಿಲ್ಲ. "ಊಟ ಆತೇನ್ರಿ?" ಎನ್ನುವಲ್ಲಿ ಆ ಕೊನೆಯ "ರಿ" ಗೌರವವನ್ನು ತಂದು ಕೂರಿಸುತ್ತದೆ. ಕರಾವಳಿಯವರು, ಹಳೆ ಮೈಸೂರಿನವರು ಬರಿದೇ ಬಿಡುತ್ತಾರೆ. ಬೊರಿವಲಿಯಂಥ ಜಾಗದಲ್ಲಿ ಹೀಗೆ ಬರಿದೇ ಬಿಡುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆಂದು ನನಗೆ ತೋರುತ್ತದೆ. ಊರಿನಲ್ಲಾದರೆ ಎದುರಿಗೆ ಬಂದವರು ಯಾರ ಮನೆಯವರು, ವರಸೆಯಲ್ಲಿ ಏನಾಗಬೇಕು ಎಂದು ದೂರದಿಂದಲೇ ಗೊತ್ತಿರುತ್ತದೆ. ಇಲ್ಲಿ ದೇವಸ್ಥಾನದ ಅಂಗಳದಲ್ಲಿ, ಸಂಘದ ಕಾರ್ಯಕ್ರಮದಲ್ಲಿ ಪಕ್ಕಕ್ಕೆ ನಿಂತವರು ಕನ್ನಡದವರು ಎಂಬುದಷ್ಟೇ ಗೊತ್ತು; ಉಳಿದದ್ದು ಇನ್ನು ತಿಳಿಯಬೇಕು. ಅಷ್ಟರವರೆಗೆ "ಊಟ ಆಯ್ತಾ" ಎಂದರೆ ಯಾರಿಗೂ ಕುಂದಿಲ್ಲ.

ಆದರೆ ಆ ತೀರ್ಮಾನ ತಪ್ಪಿಹೋಗುವುದಿಲ್ಲ, ಉತ್ತರ ಕೊಡುವವರ ತಲೆಗೆ ಬರುತ್ತದೆ. "ಆಯ್ತು" ಎಂದು ನಿಲ್ಲಿಸುವಂತಿಲ್ಲ. "ಆಯ್ತು, ನಿಮ್ದು?" ಅನ್ನಬೇಕು, ಇಲ್ಲವೇ "ಆಯ್ತು, ನಿಂದು?". ಕೇಳಿದವರು ಬಿಟ್ಟ ಜಾಗವನ್ನು ಉತ್ತರಿಸುವವರು ತುಂಬುತ್ತಾರೆ, ಮುಂದಿನ ಮಾತೆಲ್ಲ ಆ ಅಳತೆಯಲ್ಲೇ ನಡೆಯುತ್ತದೆ. ಎರಡು ಸಾಲಿನ ಈ ಕೊಡುಕೊಳ್ಳುವಿಕೆ ಮುಗಿಯುವುದರೊಳಗೆ ಇಬ್ಬರೂ ತಮ್ಮ ನಡುವಿನ ದೂರವನ್ನು ಅಳೆದುಕೊಂಡಿರುತ್ತಾರೆ.

ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ 1923ರಲ್ಲಿ, ಆಗ್ಡೆನ್ ಮತ್ತು ರಿಚರ್ಡ್ಸ್ ಅವರ ಗ್ರಂಥಕ್ಕೆ ಬರೆದ ಅನುಬಂಧದಲ್ಲಿ, ಇಂಥ ಮಾತುಗಳನ್ನು ಒಂದು ಪ್ರತ್ಯೇಕ ಜಾತಿಯೆಂದು ಗುರುತಿಸಿದ. ಸುದ್ದಿ ತಿಳಿಯಲಿಕ್ಕಲ್ಲ, ಮೌನ ಮುರಿದು ನಂಟು ಕಟ್ಟಲಿಕ್ಕೆ ಆಡುವ ಮಾತುಗಳು ಇವು ಎಂದ. ಆ ನಂಟು ಪೂರ್ತಿಯಾಗುವುದು ಕೂಡಿ ಉಂಡಾಗ ಎಂಬುದನ್ನೂ ಅವನು ಅಲ್ಲೇ ಸೇರಿಸಿದ್ದಾನೆ. ಚೀನಾದಲ್ಲಿ "ಚಿ ಲೆ ಮ?" ಎನ್ನುತ್ತಾರೆ, ಉಂಡಿರಾ ಎಂದೇ ಅರ್ಥ, ಕೊರಿಯಾದಲ್ಲೂ ಅನ್ನ ಉಂಡೆಯಾ ಎಂದು ಕೇಳುವ ರೂಢಿಯಿದೆ. ಬರಗಾಲ ಕಂಡ ಜನ ಹೀಗೆ ಕೇಳುತ್ತಾರೆ ಎಂಬ ವಿವರಣೆ ಎಲ್ಲ ಕಡೆ ಓಡಾಡುತ್ತದೆ. ನನಗದು ಸಾಲದು. ಹಾಗಿದ್ದರೆ ತುಂಬಿದ ಕಣಜದ ಮನೆಯವರು ಕೇಳುವುದನ್ನು ಬಿಟ್ಟಿರಬೇಕಿತ್ತು. ಅವರೇ ಎಲ್ಲರಿಗಿಂತ ಗಟ್ಟಿಯಾಗಿ ಕೇಳುತ್ತಾರೆ.

ಹಾಗೆಂದು ಇದು ಒಳಗೆ ಏನೂ ಇಲ್ಲದ ಬರಿಯ ಉಪಚಾರವೂ ಅಲ್ಲ. ಎಲ್ಲಿ ನಿಂತು ಕೇಳಿದರು ಎಂಬುದರ ಮೇಲೆ ಅದರ ತೂಕ ಬದಲಾಗುತ್ತದೆ. ಸ್ಟೇಷನ್ ರಸ್ತೆಯಲ್ಲಿ ಕೇಳಿದರೆ "ಇಲ್ಲ, ಇನ್ನು ಹೋಗಿ ಆಗ್ಬೇಕು" ಎನ್ನಬಹುದು, ಯಾರಿಗೂ ಹೊರೆಯಿಲ್ಲ. ಅದೇ ಮಾತನ್ನು ಹೊಸ್ತಿಲು ದಾಟಿದ ಮೇಲೆ ಹೇಳಿದರೆ ಒಳಗಿನಿಂದ ತಟ್ಟೆಯ ಸದ್ದು ಕೇಳುತ್ತದೆ. ಅದಕ್ಕೇ ಬಂದವರು ಹಸಿದಿದ್ದರೂ ಮೊದಲ ಸಲ "ಆಯ್ತು" ಎನ್ನುತ್ತಾರೆ. ಮನೆಯವರು ಅದನ್ನು ನಂಬುವುದಿಲ್ಲ. "ಎಷ್ಟೊತ್ತಿಗೆ ಆಯ್ತು?" ಎಂದು ಎರಡನೆಯ ಸಲ ಕೇಳಿದರೆ ಅದು ನಿಜವಾದ ಕರೆ. ಕೇಳದೆ ಮಾತು ಬೇರೆ ಕಡೆ ಹೊರಳಿತೋ, ಆ ಹೊತ್ತಿಗೆ ಅಡುಗೆ ಮುಗಿದಿದೆ ಎಂದು ತಿಳಿದುಕೊಂಡು ಒಂದು ಲೋಟ ಚಹಾಕ್ಕೆ ಒಪ್ಪುವುದು ಮರ್ಯಾದೆ.

ಫೋನಿನಲ್ಲಿ ಕೇಳುವುದು ಮೂರನೆಯ ಬಗೆ, ಎಲ್ಲಕ್ಕಿಂತ ಕಷ್ಟದ್ದು, ಯಾಕೆಂದರೆ ಇಲ್ಲ ಎಂದರೆ ಬಡಿಸಲು ಕೇಳಿದವರ ಕೈ ನಿಲುಕುವುದಿಲ್ಲ. ಎಸ್‌ಟಿಡಿ ಬೂತಿನ ಕಾಲದಲ್ಲಿ ರಾತ್ರಿ ದರ ಇಳಿಯಲಿ ಎಂದು ಕಾದು, ಹೋಟೆಲಿನ ಹುಡುಗರು ಕೆಲಸ ಮುಗಿಸಿ ಬಂದು ಸಾಲು ನಿಲ್ಲುತ್ತಿದ್ದರು. ಗೋಡೆಯ ಮೇಲೆ ಕೆಂಪು ಅಂಕಿ ಓಡುತ್ತಿರುವಾಗಲೂ ಮೊದಲ ದುಡ್ಡು ಹೋಗುತ್ತಿದ್ದದ್ದು "ಒಣಸ್ ಆಂಡಾ?" ಎಂಬುದಕ್ಕೆ. ಹುಡುಗ ಆಂಡ್ ಎಂದೇ ಹೇಳುತ್ತಾನೆಂದು ತಾಯಿಗೂ ಗೊತ್ತು. ಅವಳ ನಿಜವಾದ ಪರೀಕ್ಷೆ ಎರಡನೆಯ ಪ್ರಶ್ನೆಯಲ್ಲಿದೆ: "ದಾದ ಕಜಿಪು?" ಪದಾರ್ಥ ಏನಿತ್ತು? ಉಂಡವನು ತೊಂಡೆಕಾಯಿ ಎಂದೋ ಬಂಗುಡೆ ಎಂದೋ ತಟ್ಟನೆ ಹೇಳುತ್ತಾನೆ. ಉಣ್ಣದವನು ಒಂದು ಗಳಿಗೆ ತಡೆಯುತ್ತಾನೆ, ಅಥವಾ "ಅದೇ, ಸಾಂಬಾರು" ಎಂದು ಜಾರಿಕೊಳ್ಳುತ್ತಾನೆ. ಆ ತಡೆಯನ್ನು ತಾಯಂದಿರು ಕೇಳಿಸಿಕೊಳ್ಳುತ್ತಾರೆ. ಜ್ವರ, ಮಾಲೀಕರ ಜೊತೆ ಜಗಳ, ಸಂಬಳ ಸಿಗದಿರುವುದು, ಹೀಗೆ ಬಾಯಿಬಿಟ್ಟು ಹೇಳದ ಎಷ್ಟೋ ಸಂಗತಿ ಊರಿಗೆ ತಲುಪಿದ್ದು ಪದಾರ್ಥದ ದಾರಿಯಲ್ಲೇ.

ಈ ಮಾತು ನಡೆಯದ ಜಾಗಗಳೂ ಇವೆ. ಚರ್ಚ್‌ಗೇಟಿನಿಂದ ಸುಮಾರು 34 ಕಿಲೋಮೀಟರ್ ಲೋಕಲ್ಲಿನಲ್ಲಿ ನಿಂತು ರಾತ್ರಿ ಒಂಬತ್ತಕ್ಕೆ ಇಳಿದವರನ್ನು ಪ್ಲಾಟ್‌ಫಾರ್ಮಿನಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ, ಅಲ್ಲಿ "ಈಗ ಬಂದ್ರಾ?" ಎನ್ನುವುದೇ ಸರಿ. ಏಕಾದಶಿಯ ದಿನ ಮಾಧ್ವರ ಮನೆಯಲ್ಲಿ ಕೇಳಿದರೆ "ಇವತ್ತು ಏಕಾದಶಿ" ಎಂದು ನೆನಪಿಸುತ್ತಾರೆ. ಸಾವಾದ ಮನೆಯಲ್ಲಿ ಅದೇ ಪ್ರಶ್ನೆ ತನ್ನ ರೂಪವನ್ನೇ ಬದಲಿಸಿ "ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ರಾ?" ಆಗುತ್ತದೆ. ಅಲ್ಲಿ ಊಟ ತಾನಾಗಿ ಆಗುವುದಿಲ್ಲ, ಯಾರಾದರೂ ಒತ್ತಾಯ ಮಾಡಿ ಮಾಡಿಸಬೇಕು ಎಂದು ಭಾಷೆಗೂ ಗೊತ್ತಿದ್ದಂತಿದೆ.

ಬೊರಿವಲಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ. ಅಜ್ಜಿ ಫೋನಿನಲ್ಲಿ "ಊಟ ಆಯ್ತಾ ಮಗಾ?" ಎಂದರೆ "ಹೂಂ, ಆಯ್ತು" ಎಂದು ಹೇಳಿ ಫೋನು ಅಮ್ಮನ ಕೈಗೆ ದಾಟಿಸುತ್ತಾರೆ. ಅಜ್ಜಿ ಆ ಕಡೆ ಇನ್ನೂ ಕಾಯುತ್ತಿರುತ್ತಾಳೆ. ಮಕ್ಕಳಿಗೆ ಕನ್ನಡ ಕಲಿಸಲು ಅಕ್ಷರಮಾಲೆಯಿಂದ ತೊಡಗುವವರಿಗೆ ನಾನು ಹೇಳುವುದು ಇಷ್ಟೇ: ಆ "ನಿಮ್ದು ಅಜ್ಜಿ?" ಎಂಬುದನ್ನು ಮೊದಲು ಬಾಯಿಗೆ ಬರಿಸಿ. ಅದು ಬಂದರೆ ಅಜ್ಜಿ ಬಸಳೆಯ ಹುಳಿಯಿಂದ ಶುರುಮಾಡುತ್ತಾಳೆ, ಬಸಳೆ ಚಪ್ಪರಕ್ಕೆ ಹೋಗುತ್ತಾಳೆ, ಚಪ್ಪರದಿಂದ ಪಕ್ಕದ ಮನೆಯ ದನಕ್ಕೆ. ಮಗು ಅರ್ಧ ಗಂಟೆ ಕನ್ನಡ ಕೇಳುತ್ತದೆ.