ಮೂರು ದಿನಾಂಕಗಳ ನಡುವೆ: ರಾಜೀನಾಮೆ ಹಿಂಪಡೆಯುವ ಕೋರಿಕೆ ಮತ್ತು ಅದಕ್ಕೆ ಬರೆಯುವ ಉತ್ತರ

ಸಾರಾಂಶ

ಕೊಟ್ಟ ರಾಜೀನಾಮೆಯನ್ನು ನೌಕರರು ಹಿಂದಕ್ಕೆ ಕೇಳಿದಾಗ ಸಂಸ್ಥೆಗಳು ಸಾಮಾನ್ಯವಾಗಿ ‘ಈಗಾಗಲೇ ಅಂಗೀಕರಿಸಿದ್ದೇವೆ’ ಎಂದು ಬರೆದು ಕಡತ ಮುಚ್ಚುತ್ತವೆ. ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳ ಮುಂದೆ ಈ ಒಂದು ಸಾಲು ಹಲವು ಸಲ ನಿಂತಿಲ್ಲ. ಕರ್ನಾಟಕದಿಂದ ಹೋದ ಎರಡು ಪ್ರಕರಣಗಳನ್ನು ಮುಖ್ಯವಾಗಿ ಇಟ್ಟುಕೊಂಡು, ಕೋರಿಕೆಯ ಹಣೆಬರಹ ಬಹುಪಾಲು ಮೊದಲ ಅಂಗೀಕಾರ ಪತ್ರದಲ್ಲೇ ನಿರ್ಧಾರವಾಗಿರುತ್ತದೆ ಎಂದು ಈ ಲೇಖನ ವಾದಿಸುತ್ತದೆ. ಒಪ್ಪಿಗೆಯ ಮತ್ತು ನಿರಾಕರಣೆಯ ಉತ್ತರಗಳನ್ನು ಬರೆಯುವ ಕ್ರಮವನ್ನೂ ಚರ್ಚಿಸುತ್ತದೆ.

1. ಸಂಬಂಧ ಮುಗಿಯುವುದು ಯಾವಾಗ?

ರಾಜೀನಾಮೆಯ ಕಡತದಲ್ಲಿ ಮೂರು ದಿನಾಂಕಗಳಿರುತ್ತವೆ: ಪತ್ರ ಕೊಟ್ಟ ದಿನ, ಅಂಗೀಕಾರವನ್ನು ನೌಕರರಿಗೆ ತಿಳಿಸಿದ ದಿನ, ರಾಜೀನಾಮೆ ಜಾರಿಗೆ ಬರುವ ದಿನ. ಹಿಂಪಡೆಯುವ ಪತ್ರ ಇವುಗಳಲ್ಲಿ ಯಾವ ಎರಡರ ನಡುವೆ ಬಂದು ಬಿದ್ದಿದೆ ಎಂಬುದನ್ನು ಮೊದಲು ನೋಡಬೇಕು. ಮನಸ್ಸು ಬದಲಾಯಿಸಿದ್ದಕ್ಕೆ ಕಾರಣವೇನು ಎಂಬ ವಿಚಾರಣೆ ಅದರ ನಂತರದ್ದು.

ಈ ವಿಷಯದ ಮೂಲ ತೀರ್ಪು 1978ರ ಗೋಪಾಲ್ ಚಂದ್ರ ಮಿಶ್ರಾ ಪ್ರಕರಣದ್ದು. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು 1977ರ ಮೇ 7ರಂದು ರಾಷ್ಟ್ರಪತಿಗೆ ರಾಜೀನಾಮೆ ಬರೆದು, ಅದು ಆಗಸ್ಟ್ 1ರಿಂದ ಜಾರಿಗೆ ಬರಲಿ ಎಂದಿದ್ದರು. ಜುಲೈ 15ರಂದು ಅದನ್ನು ಹಿಂದಕ್ಕೆ ಪಡೆದರು. ಮುಂದಿನ ದಿನವೊಂದನ್ನು ಹೆಸರಿಸಿ ಕೊಟ್ಟ ರಾಜೀನಾಮೆ ಆ ದಿನ ಬರುವವರೆಗೆ ಬರಿಯ ಇಂಗಿತವಷ್ಟೇ ಆಗಿರುತ್ತದೆ, ಅಷ್ಟರೊಳಗೆ ಹಿಂಪಡೆಯಬಹುದು ಎಂದು ಸರ್ವೋಚ್ಚ ನ್ಯಾಯಾಲಯದ ಬಹುಮತ ಹೇಳಿತು. ಆದರೆ ಒಂದು ಷರತ್ತನ್ನೂ ಇಟ್ಟಿತು: ಕಾನೂನಿನ, ಕರಾರಿನ ಅಥವಾ ಸಂವಿಧಾನದ ಅಡ್ಡಿ ಇರಬಾರದು. ಈ ಷರತ್ತನ್ನು ಮುಂದೆ ಮತ್ತೆ ನೋಡಲಿದ್ದೇವೆ.

‘ಅಂಗೀಕಾರವಾದ ಮೇಲೂ ಹಿಂಪಡೆಯಬಹುದೇ?’ ಎಂಬ ಪ್ರಶ್ನೆಗೆ ಬೆಂಗಳೂರಿನ ಭಾರತ್ ಅರ್ಥ್ ಮೂವರ್ಸ್ ಪ್ರಕರಣದಲ್ಲಿ (2005) ಉತ್ತರವಿದೆ. ಅಲ್ಲಿನ ಅಧಿಕಾರಿಯೊಬ್ಬರು 1993ರ ಜನವರಿ 4ರಂದು ರಾಜೀನಾಮೆ ಕೊಟ್ಟರು. ಅದೇ ದಿನ ಅಂಗೀಕಾರವೂ ಆಯಿತು. ಆದರೆ ಕಂಪನಿ ಅವರಿಗೆ ರಜೆ ಮಂಜೂರು ಮಾಡಿ, ಜನವರಿ 15ರ ಕಚೇರಿ ವೇಳೆಯ ನಂತರ ಬಿಡುಗಡೆ ಮಾಡುವುದಾಗಿ ಬರೆದುಕೊಟ್ಟಿತ್ತು. ಜನವರಿ 8ರಂದು ಅವರು ರಾಜೀನಾಮೆ ಹಿಂಪಡೆದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರಿಗೆ ಸೋಲಾಯಿತು. ಸರ್ವೋಚ್ಚ ನ್ಯಾಯಾಲಯ ಮಾತ್ರ ಕಂಪನಿಯದೇ ಪತ್ರವನ್ನು ಮುಂದಿಟ್ಟುಕೊಂಡು, 15ರವರೆಗೆ ಅವರು ನೌಕರರೇ ಎಂದಿತು. ನಿವೃತ್ತಿ ವಯಸ್ಸಿನವರೆಗೆ ಅವರನ್ನು ನಿರಂತರ ಸೇವೆಯಲ್ಲಿದ್ದವರೆಂದು ಪರಿಗಣಿಸಿ ಬಾಕಿ ಸಂಬಳ ಸಹಿತ ಸವಲತ್ತು ಕೊಡಬೇಕೆಂದು ಆದೇಶಿಸಿತು. ರಜೆ ಕೊಟ್ಟು, ಬಿಡುಗಡೆಯ ದಿನವನ್ನು ಹನ್ನೊಂದು ದಿನ ಮುಂದೆ ಹಾಕಿದ ಒಂದು ಪತ್ರ ಆ ಕಂಪನಿಗೆ ಇಷ್ಟು ದುಬಾರಿಯಾಯಿತು.

ಹಾಗೆಂದು ನೋಟಿಸ್ ಅವಧಿಯನ್ನು ಸಂಸ್ಥೆ ತಾನಾಗಿಯೇ ಮೊಟಕು ಮಾಡಿ ಪಾರಾಗಬಹುದೇ? ಪಂಜಾಬ್ ನ್ಯಾಷನಲ್ ಬ್ಯಾಂಕಿನ ಅಧಿಕಾರಿಯೊಬ್ಬರು ಜೂನ್ 30ರಿಂದ ಜಾರಿಗೆ ಬರುವಂತೆ ಕೊಟ್ಟ ರಾಜೀನಾಮೆಯನ್ನು ಬ್ಯಾಂಕು ಫೆಬ್ರವರಿಯಲ್ಲೇ ಜಾರಿಗೊಳಿಸಿತ್ತು. ಬ್ಯಾಂಕಿನ ನಿಯಮಗಳಲ್ಲಿ ಅದಕ್ಕೆ ಅವಕಾಶವಿಲ್ಲವೆಂದು 1989ರಲ್ಲಿ ತೀರ್ಪು ಬಂತು. ಹೀಗಾಗಿ, ಜೂನ್ 30ಕ್ಕೆ ಮುಂಚೆ ಏಪ್ರಿಲ್‌ನಲ್ಲಿ ಅವರು ರಾಜೀನಾಮೆ ಹಿಂಪಡೆದದ್ದು ಊರ್ಜಿತವಾಯಿತು.

2. ಕಡತದಲ್ಲೇ ಉಳಿದ ಅಂಗೀಕಾರ

ಕೊಂಕಣ ರೈಲ್ವೆಯ ಪ್ರಕರಣದಲ್ಲಿ (2024) ಎರಡನೆಯ ದಿನಾಂಕವೇ ವಿವಾದಕ್ಕೆ ಸಿಕ್ಕಿತು. ನೌಕರರು 2013ರ ಡಿಸೆಂಬರ್ 5ರಂದು ರಾಜೀನಾಮೆ ಬರೆದು, ಒಂದು ತಿಂಗಳ ನಂತರ ಜಾರಿಗೆ ಬರಲಿ ಎಂದಿದ್ದರು. 2014ರ ಏಪ್ರಿಲ್ 7ರಿಂದ ಅಂಗೀಕರಿಸಿದ್ದೇವೆ ಎಂಬುದು ಸಂಸ್ಥೆಯ ನಿಲುವು. ಆದರೆ ಆ ಅಂಗೀಕಾರ ನೌಕರರಿಗೆ ತಲುಪಿದ್ದಕ್ಕೆ ಆಧಾರವಿರಲಿಲ್ಲ. ಮೇ 19ರಂದು ಅವರು ಕೆಲಸಕ್ಕೆ ಹಾಜರಾದರು, 26ರಂದು ಹಿಂಪಡೆಯುವ ಪತ್ರ ಕೊಟ್ಟರು. ಜುಲೈ 1ರಂದು ಸಂಸ್ಥೆ ಅವರನ್ನು ಬಿಡುಗಡೆ ಮಾಡಿತು. ಕಡತದೊಳಗಿನ ಟಿಪ್ಪಣಿ ಅಂಗೀಕಾರ ಎನಿಸದು ಎಂದ ಸರ್ವೋಚ್ಚ ನ್ಯಾಯಾಲಯ, ಅವರನ್ನು ಮತ್ತೆ ಸೇವೆಗೆ ತೆಗೆದುಕೊಂಡು ನಡುವಣ ಅವಧಿಗೆ ಅರ್ಧ ಸಂಬಳ ಕೊಡುವಂತೆ ಹೇಳಿತು.

ಅಂಗೀಕಾರವನ್ನು ತಿಳಿಸದಿದ್ದರೂ ಅದು ಊರ್ಜಿತವೆಂದ ಹಳೆಯ ತೀರ್ಪುಗಳೂ ಇವೆ. 1968ರ ರಾಜ್ ಕುಮಾರ್ ಪ್ರಕರಣ ಅಂಥದ್ದು. ಎರಡನ್ನೂ ಓದಿದ ಸಿಬ್ಬಂದಿ ವಿಭಾಗ ಇಷ್ಟನ್ನು ಮನದಟ್ಟು ಮಾಡಿಕೊಂಡರೆ ಸಾಕು: ತಿಳಿಸಿದ ಅಂಗೀಕಾರದ ಮೇಲೆ ವಾದವೇಳುವುದು ಕಡಿಮೆ, ತಿಳಿಸದ ಅಂಗೀಕಾರಕ್ಕೆ ವಾದ ತಪ್ಪಿದ್ದಲ್ಲ. ಜಾರಿಯ ದಿನ ಕಳೆದ ಮೇಲೂ ಹಾಜರಿ ಹಾಕಿಸುವುದು, ಕೆಲಸ ಒಪ್ಪಿಸುವುದು, ಗೈರುಹಾಜರಿಗೆ ವಿವರಣೆ ಕೇಳುವುದು ಇವೆಲ್ಲ ಸಂಬಂಧ ಮುಂದುವರಿದಿದೆ ಎಂಬುದಕ್ಕೆ ಸಾಕ್ಷಿಯಾಗುತ್ತವೆ.

3. ಅಡ್ಡಿ ಇದ್ದಲ್ಲಿ

1978ರ ತೀರ್ಪಿನ ಷರತ್ತಿಗೆ ಜೀವ ಬಂದದ್ದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಪ್ರಕರಣದಲ್ಲಿ (2019). ವಿಮಾನ ಚಾಲಕಿಯೊಬ್ಬರು 2017ರ ಜುಲೈ 3ರಂದು ರಾಜೀನಾಮೆ ಕೊಟ್ಟು, ಆರು ತಿಂಗಳ ನೋಟಿಸ್ ಮುಗಿಯಲು ಕೆಲವೇ ದಿನಗಳಿದ್ದಾಗ, ಡಿಸೆಂಬರ್ 18ರಂದು ಹಿಂಪಡೆದರು. ದಿನಾಂಕಗಳನ್ನಷ್ಟೇ ನೋಡಿದರೆ ಅವರು ಗೆಲ್ಲಬೇಕಿತ್ತು. ಆದರೆ ಚಾಲಕರಿಗೆ ಆರು ತಿಂಗಳ ನೋಟಿಸ್ ವಿಧಿಸಿದ್ದುದೇ ಆಗಿನ ವಿಮಾನಯಾನದ ನಿಯಮ. ಒಬ್ಬರು ಬಿಟ್ಟರೆ ಇನ್ನೊಬ್ಬರನ್ನು ಹುಡುಕಿ ತರಬೇತಿ ಕೊಡಲು ಅಷ್ಟು ಕಾಲ ಬೇಕು ಎಂಬುದು ಅದರ ಉದ್ದೇಶವಾಗಿತ್ತು. ಆ ಉದ್ದೇಶವೇ ಹಿಂಪಡೆಯುವುದಕ್ಕೆ ಅಡ್ಡಿ ಎಂದು ನ್ಯಾಯಾಲಯ ಒಪ್ಪಿ, ನಿರಾಕರಣೆಯನ್ನು ಎತ್ತಿಹಿಡಿಯಿತು. ‘ಬೇರೆಯವರನ್ನು ಗೊತ್ತು ಮಾಡಿದ್ದೇವೆ’ ಎಂಬ ಕಾರಣ ಎಲ್ಲೆಡೆಯೂ ಸಾಕು ಎಂದು ಇದರಿಂದ ಅರ್ಥ ಮಾಡಿಕೊಳ್ಳಬಾರದು. ಇಲ್ಲಿ ಆ ಕಾರಣದ ಬೆನ್ನಿಗೆ ನಿಯಮವೊಂದಿತ್ತು.

ಖಾಸಗಿ ಸಂಸ್ಥೆಗಳಲ್ಲಿ ಇಂಥ ಅಡ್ಡಿ ನೇಮಕಾತಿ ಪತ್ರದಲ್ಲೇ ಇರಬಹುದು: ‘ರಾಜೀನಾಮೆಯನ್ನು ಸಂಸ್ಥೆಯ ಲಿಖಿತ ಒಪ್ಪಿಗೆಯಿಲ್ಲದೆ ಹಿಂಪಡೆಯುವಂತಿಲ್ಲ’ ಎಂಬ ಸಾಲು. ಅದು ಇಲ್ಲದಿದ್ದರೆ ಜಾರಿಯ ದಿನಕ್ಕೆ ಮುಂಚಿನ ನಿರಾಕರಣೆಗೆ ನೆಲೆ ತೆಳು. ಇನ್ನೊಂದು ವ್ಯತ್ಯಾಸವೂ ಉಂಟು. ಮೇಲಿನ ಪ್ರಕರಣಗಳ ಮಾಲೀಕರೆಲ್ಲ ಆಗ ಸರ್ಕಾರಿ ಅಥವಾ ಸಾರ್ವಜನಿಕ ವಲಯದವರಾಗಿದ್ದರು. ಅಂಥವರ ಮೇಲೆ ರಿಟ್ ಅರ್ಜಿ ನಡೆಯುತ್ತದೆ. ಖಾಸಗಿ ಸಂಸ್ಥೆಯ ವ್ಯವಸ್ಥಾಪಕರಿಗೆ ಸಾಮಾನ್ಯವಾಗಿ ನಷ್ಟಪರಿಹಾರದ ದಾರಿ ಮಾತ್ರ ಉಳಿದಿರುತ್ತದೆ. ಆದರೆ ಗುಮಾಸ್ತೆ, ತಂತ್ರಜ್ಞರಂತಹ ‘ಕಾರ್ಮಿಕ’ ವರ್ಗದವರು ಕೈಗಾರಿಕಾ ವಿವಾದವೆತ್ತಿ ಮರಳಿ ಕೆಲಸವನ್ನೇ ಕೇಳಬಹುದು.

4. ಒಂದು ಪ್ರಕರಣ

ಕಲ್ಪಿತ ಪ್ರಕರಣವೊಂದನ್ನು ನೋಡೋಣ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಏಳು ವರ್ಷದಿಂದ ಲೆಕ್ಕಪತ್ರದ ಗುಮಾಸ್ತೆಯಾಗಿರುವ ಮಹಿಳೆ ಮಾರ್ಚ್ 3ರಂದು ರಾಜೀನಾಮೆ ಕೊಡುತ್ತಾರೆ. ನೋಟಿಸ್ ಅರವತ್ತು ದಿನ. ಮಾರ್ಚ್ 6ರ ಇಮೇಲಿನಲ್ಲಿ ಸಂಸ್ಥೆ ಬರೆಯುತ್ತದೆ: ‘ರಾಜೀನಾಮೆ ಅಂಗೀಕರಿಸಿದ್ದೇವೆ. ಮೇ 2ರ ಕೆಲಸದ ವೇಳೆ ಮುಗಿದ ಮೇಲೆ ಬಿಡುಗಡೆ.’ ಏಪ್ರಿಲ್ 9ರಂದು ಇನ್ನೊಬ್ಬರಿಗೆ ಆ ಹುದ್ದೆಯ ಆಫರ್ ಲೆಟರ್ ಹೋಗುತ್ತದೆ. ಏಪ್ರಿಲ್ 11ರ ಬೆಳಿಗ್ಗೆ 10.40ಕ್ಕೆ ಆಕೆಯ ಇಮೇಲ್ ಬರುತ್ತದೆ: ಗಂಡನ ವರ್ಗಾವಣೆ ರದ್ದಾಗಿದೆ, ರಾಜೀನಾಮೆ ಹಿಂಪಡೆಯುತ್ತಿದ್ದೇನೆ.

ವ್ಯವಸ್ಥಾಪಕರ ಮೊದಲ ಕರಡು ಹೀಗಿತ್ತು: ‘ನಿಮ್ಮ ರಾಜೀನಾಮೆಯನ್ನು ಆಗಲೇ ಅಂಗೀಕರಿಸಿರುವುದರಿಂದ ಏನೂ ಮಾಡಲಾಗದು.’ ಆದರೆ ಮಾರ್ಚ್ 6ರ ಇಮೇಲ್ ಸಂಬಂಧವನ್ನು ಮುಗಿಸಿಲ್ಲ, ಮೇ 2ಕ್ಕೆ ಮುಗಿಯುವುದೆಂದು ಗೊತ್ತುಪಡಿಸಿದೆ ಅಷ್ಟೆ. ನೇಮಕಾತಿ ಪತ್ರದಲ್ಲಿ ಹಿಂಪಡೆಯುವುದರ ಬಗ್ಗೆ ಒಂದು ಮಾತೂ ಇಲ್ಲ. ಆಕೆ ಗುಮಾಸ್ತೆಯಾದ್ದರಿಂದ ಕೈಗಾರಿಕಾ ವಿವಾದದ ಬಾಗಿಲೂ ತೆರೆದಿದೆ. ಹೊಸಬರಿಗೆ ಹೋದ ಆಫರ್ ಸಂಸ್ಥೆಯ ತಲೆನೋವೇ ಹೊರತು ಆಕೆಯ ಹಕ್ಕಿಗೆ ಅಡ್ಡಿಯಲ್ಲ. ಹೀಗಾಗಿ ಇಲ್ಲಿ ಒಪ್ಪುವುದೇ ಸರಿಯಾದ ಉತ್ತರ. ಇದೇ ಇಮೇಲ್ ಮೇ 4ರಂದು ಬಂದಿದ್ದರೆ, ಮೇ 2ರ ನಂತರ ಆಕೆಯಿಂದ ಕೆಲಸ ತೆಗೆದುಕೊಂಡಿರದಿದ್ದರೆ, ನಿರಾಕರಣೆ ಸರಿಯಾಗುತ್ತಿತ್ತು.

5. ಒಪ್ಪಿಗೆಯ ಉತ್ತರ

‘ಮಾನ್ಯರೇ, ಮಾರ್ಚ್ 3ರ ತಮ್ಮ ರಾಜೀನಾಮೆಯನ್ನು ಹಿಂಪಡೆಯುವುದಾಗಿ ತಿಳಿಸಿದ ಏಪ್ರಿಲ್ 11ರ ಇಮೇಲ್ ಅದೇ ದಿನ ನಮಗೆ ತಲುಪಿದೆ. ಅದನ್ನು ಒಪ್ಪಲಾಗಿದೆ. ಮಾರ್ಚ್ 6ರ ನಮ್ಮ ಅಂಗೀಕಾರ ಪತ್ರ ರದ್ದಾಗಿದೆ. ತಮ್ಮ ಸೇವೆ, ಹುದ್ದೆ, ಸಂಬಳ ಮತ್ತು ರಜೆಯ ಲೆಕ್ಕ ಯಾವ ಕಡಿತವೂ ಇಲ್ಲದೆ ಮೊದಲಿನಂತೆ ಮುಂದುವರಿಯುತ್ತವೆ.’

ಇಲ್ಲಿ ಮೂರನೆಯ ಮತ್ತು ನಾಲ್ಕನೆಯ ವಾಕ್ಯಗಳನ್ನು ಬಿಡುವ ಹಾಗಿಲ್ಲ. ಅಂಗೀಕಾರ ಪತ್ರವನ್ನು ಹೆಸರಿಸಿ ರದ್ದುಪಡಿಸದಿದ್ದರೆ ಕಡತದಲ್ಲಿ ಅದು ಹಾಗೇ ಉಳಿದು, ಮೇ 2ರಂದು ಯಾರೋ ಬಿಡುಗಡೆ ಪತ್ರ ತಯಾರಿಸುತ್ತಾರೆ. ‘ಮರುನೇಮಕ ಮಾಡಲಾಗಿದೆ’ ಎಂದು ಬರೆದರೆ ಸೇವೆ ತುಂಡಾದಂತೆ ಕಾಣುತ್ತದೆ. ಏಳು ವರ್ಷದ ಗ್ರಾಚ್ಯುಟಿಗೆ ತಕರಾರು ಹುಟ್ಟುತ್ತದೆ. ಭವಿಷ್ಯನಿಧಿಯ ಜಾಲತಾಣದಲ್ಲಿ ಬಿಟ್ಟ ದಿನವನ್ನು ಯಾರಾದರೂ ಮೊದಲೇ ನಮೂದಿಸಿದ್ದರೆ ಅದನ್ನೂ ಸರಿಪಡಿಸಿಕೊಳ್ಳಬೇಕು. ‘ದೊಡ್ಡ ಮನಸ್ಸು ಮಾಡಿ’, ‘ಇದೊಂದು ಸಲಕ್ಕೆ’ ಎಂಬ ಮಾತುಗಳೂ ಬೇಡ. ಹಕ್ಕಿನಿಂದ ಪಡೆದದ್ದನ್ನು ಅವು ಉಪಕಾರವಾಗಿ ತೋರಿಸುತ್ತವೆ, ಮುಂದೆ ಬಡ್ತಿಯ ಹೊತ್ತಿಗೆ ಅದೇ ಪತ್ರ ಆಕೆಯ ವಿರುದ್ಧ ಹೊರಬರುತ್ತದೆ.

6. ನಿರಾಕರಣೆಯ ಉತ್ತರ

‘ಮಾನ್ಯರೇ, ತಮ್ಮ ರಾಜೀನಾಮೆಯ ಅಂಗೀಕಾರವನ್ನು ಮಾರ್ಚ್ 6ರಂದು ತಮಗೆ ತಿಳಿಸಲಾಗಿತ್ತು. ಅದು ಮೇ 2ರ ಸಂಜೆ ಜಾರಿಗೆ ಬಂದು ತಮ್ಮ ಸೇವೆ ಅಂದೇ ಮುಗಿದಿದೆ. ಹಿಂಪಡೆಯುವ ಕೋರಿಕೆ ಮೇ 4ರಂದು ತಲುಪಿರುವುದರಿಂದ ಅದನ್ನು ಒಪ್ಪಲು ಸಾಧ್ಯವಾಗಿಲ್ಲ. ಅಂತಿಮ ಲೆಕ್ಕ ಮತ್ತು ಬಿಡುಗಡೆ ಪತ್ರವನ್ನು ಕ್ರಮದಂತೆ ಕಳುಹಿಸುತ್ತೇವೆ. ಮುಂದೆ ಹುದ್ದೆ ಖಾಲಿಯಾದಾಗ ತಾವು ಹೊಸದಾಗಿ ಅರ್ಜಿ ಸಲ್ಲಿಸಬಹುದು.’

ನಿರಾಕರಣೆಗೆ ಒಂದೇ ಕಾರಣ ಸಾಕು, ಅದು ದಿನಾಂಕದಿಂದ ಅಥವಾ ನಿಯಮದಿಂದ ಬರಬೇಕು. ಅದಕ್ಕೆ ಬಲ ತುಂಬಲೆಂದು ‘ತಮ್ಮ ಕೆಲಸವೂ ತೃಪ್ತಿಕರವಾಗಿರಲಿಲ್ಲ’ ಎಂದು ಸೇರಿಸಿದರೆ ತಾನಾಗಿ ಬಿಟ್ಟ ಕೆಲಸ ತೆಗೆದುಹಾಕಿದ ಕೆಲಸದಂತೆ ಕಾಣತೊಡಗುತ್ತದೆ. ವಿಚಾರಣೆಯಿಲ್ಲದೆ ಕಳಂಕ ಹೊರಿಸಿದರು ಎಂಬ ಆಕ್ಷೇಪಕ್ಕೆ ಸಂಸ್ಥೆಯೇ ದಾರಿ ಮಾಡಿಕೊಟ್ಟಂತಾಗುತ್ತದೆ. ಒತ್ತಾಯದಿಂದ ರಾಜೀನಾಮೆ ಬರೆಸಿಕೊಂಡರು ಎಂಬ ದೂರು ಕೋರಿಕೆಯಲ್ಲಿದ್ದರೆ ದಿನಾಂಕದ ಉತ್ತರ ಸಾಲದು. ಆ ದೂರನ್ನು ಬೇರೆಯಾಗಿ ವಿಚಾರಿಸಿದ ಮೇಲೆಯೇ ಉತ್ತರ ಕೊಡಬೇಕು.

7. ಉಪಸಂಹಾರ

ಹಿಂಪಡೆಯುವ ಪತ್ರ ಬಂದ ದಿನ ಸಂಸ್ಥೆಯ ಕೈಯಲ್ಲಿ ಉಳಿದಿರುವ ಆಯ್ಕೆ ಕಡಿಮೆ. ಭಾರತ್ ಅರ್ಥ್ ಮೂವರ್ಸ್ ಸೋತದ್ದು ಬಿಡುಗಡೆಗೆ 15ನೆಯ ತಾರೀಖು ಎಂದು ಬರೆದಾಗ, ಕೊಂಕಣ ರೈಲ್ವೆ ಸೋತದ್ದು ಅಂಗೀಕಾರವನ್ನು ಕಡತದಲ್ಲೇ ಬಿಟ್ಟಾಗ. ಪೀಣ್ಯದ ಆ ವ್ಯವಸ್ಥಾಪಕರು ಏಪ್ರಿಲ್ 11ರ ಉತ್ತರವನ್ನು ತಾವೇ ಮಾರ್ಚ್ 6ರಂದು ಬರೆದು ಮುಗಿಸಿದ್ದರು. ಅಂದು ಬಿಡುಗಡೆಯ ದಿನವನ್ನು ಟೈಪು ಮಾಡುವಾಗ ಅವರಿಗೆ ಅದು ಗೊತ್ತಿರಲಿಲ್ಲ.