ಅಭಿಸರಣ

‘ಅಭಿ’ ಎಂದರೆ ಕಡೆಗೆ, ‘ಸೃ’ ಎಂದರೆ ಸಾಗು. ಈ ಸಂಸ್ಕೃತ ಧಾತುವಿನಿಂದ ಬಂದದ್ದು ಅಭಿಸರಣ. ನಲ್ಲನತ್ತ ಹೊರಟ ಅಭಿಸಾರಿಕೆಯೂ ಇದೇ ಧಾತುವಿನವಳು. ಗಣಿತದಲ್ಲಿ ಮಾತ್ರ ‘ಕಡೆಗೆ ಸಾಗುವುದು’ ಸಾಲದು. 1 + 1/n ಎಂಬ ಅನುಕ್ರಮ ಹೆಜ್ಜೆಹೆಜ್ಜೆಗೂ ಸೊನ್ನೆಯ ಕಡೆಗೇ ಸರಿಯುತ್ತದೆ, ಆದರೂ ಸೊನ್ನೆಗೆ ಅಭಿಸರಿಸುವುದಿಲ್ಲ. ಅದರ ಮಿತಿ 1.

aₙ ಎಂಬ ಅನುಕ್ರಮ L ಗೆ ಅಭಿಸರಿಸಲು ವ್ಯಾಖ್ಯೆ ಕೇಳುವುದು ಬೇರೆಯದನ್ನೇ: ಯಾವುದೇ ಧನಸಂಖ್ಯೆ ε ಕೊಟ್ಟರೂ, n > N ಆದಾಗಲೆಲ್ಲ |aₙ − L| < ε ಆಗುವಂಥ ಒಂದು N ಇರಬೇಕು.

aₙ = (2n + 1)/(n + 3) ಎಂಬುದರ ಮಿತಿ 2 ಎಂದು ಸಾಧಿಸಬೇಕೆನ್ನೋಣ. ಕಳೆದರೆ ಉಳಿಯುವ ಅಂತರ 5/(n + 3). ಇದು 5/n ಗಿಂತ ಚಿಕ್ಕದು. ಹೀಗೆ ಸಡಿಲಿಸಿಕೊಂಡರೆ ಲೆಕ್ಕ ಹಗುರ. ಆದ್ದರಿಂದ N ≥ 5/ε ಆಗುವ ಪೂರ್ಣಾಂಕವನ್ನು ಆರಿಸಿದರೆ, n > N ಆದಾಗ ಅಂತರ < 5/n < 5/N ≤ ε. ε = 0.01 ಆದರೆ N = 500 ಸಾಕು. ಅತಿ ಚಿಕ್ಕ N ಹುಡುಕುವ ಅಗತ್ಯವೇ ಇಲ್ಲ.

ಹೊಸಬರು ಎಡವುವುದು ಸಾಮಾನ್ಯವಾಗಿ N ಅನ್ನು n ಮೇಲೆ ಅವಲಂಬಿಸುವಂತೆ ಬರೆದಾಗ. N ಎಂಬುದು ε ಒಂದನ್ನೇ ನೆಚ್ಚಿರಬೇಕು. 0.01ಕ್ಕೆ ಮಾತ್ರ ತಾಳೆ ನೋಡಿದರೆ ಅದು ಉದಾಹರಣೆ, ಸಾಧನೆಯಲ್ಲ.