ವಿದ್ಯುತ್ಕಾಂತೀಯ ಪ್ರೇರಣೆ ಮತ್ತು ವಿದ್ಯುಜ್ಜನಕ

'''ವಿದ್ಯುತ್ಕಾಂತೀಯ ಪ್ರೇರಣೆ''' ಎಂದರೆ ತಂತಿಯ ಸುರುಳಿಯ ಮೂಲಕ ಹಾಯುವ ಕಾಂತೀಯ ಅಭಿವಾಹವು ಬದಲಾದಾಗ ಆ ಸುರುಳಿಯಲ್ಲಿ ವಿದ್ಯುಚ್ಚಾಲಕ ಬಲವು ಹುಟ್ಟುವ ವಿದ್ಯಮಾನ. ಇದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ಪ್ರಯೋಗಗಳ ಮೂಲಕ ನಿರೂಪಿಸಿದನು. ವಿದ್ಯುಜ್ಜನಕವು (ಜನರೇಟರ್) ಕೆಲಸ ಮಾಡುವುದು ಈ ತತ್ತ್ವದಿಂದಲೇ. ಮೈಸೂರು ಸಂಸ್ಥಾನದಲ್ಲಿ ಇದರ ಮೊದಲ ದೊಡ್ಡ ಬಳಕೆಯಾದುದು ಕಾವೇರಿ ನದಿಯ ಶಿವನಸಮುದ್ರದಲ್ಲಿ, 1902ರಲ್ಲಿ.

== ತತ್ತ್ವ ==
ಸುರುಳಿಯೊಂದನ್ನು ಗ್ಯಾಲ್ವನೋಮೀಟರಿಗೆ ಜೋಡಿಸಿ, ಅದರೊಳಕ್ಕೆ ದಂಡಕಾಂತವನ್ನು ತೂರಿಸಿದರೆ ಮುಳ್ಳು ಒಂದು ಕಡೆಗೆ ಸರಿಯುತ್ತದೆ. ಕಾಂತವನ್ನು ಒಳಗೇ ಅಲುಗಾಡದಂತೆ ಇರಿಸಿದರೆ ಮುಳ್ಳು ಸೊನ್ನೆಗೆ ಮರಳುತ್ತದೆ. ಹೊರಕ್ಕೆ ಎಳೆದಾಗ ಎದುರು ದಿಕ್ಕಿಗೆ ಸರಿಯುತ್ತದೆ. ಅಂದರೆ ಕಾಂತಕ್ಷೇತ್ರವು ಇದ್ದಮಾತ್ರಕ್ಕೆ ಪ್ರವಾಹವು ಹುಟ್ಟದು, ಅಭಿವಾಹವು ಬದಲಾಗುತ್ತಿರಬೇಕು. ಬದಲಾವಣೆಯು ಬೇಗವಾದಷ್ಟೂ, ಸುರುಳಿಯ ಸುತ್ತುಗಳು ಹೆಚ್ಚಿದಷ್ಟೂ ಪ್ರೇರಿತ ವಿದ್ಯುಚ್ಚಾಲಕ ಬಲವು ಹೆಚ್ಚುತ್ತದೆ.

== ತಿರುಗುವ ಸುರುಳಿ ==
ಕಾಂತದ ಎರಡು ಧ್ರುವಗಳ ನಡುವೆ ಸುರುಳಿಯನ್ನು ತಿರುಗಿಸಿದರೆ ಈ ಬದಲಾವಣೆಯು ನಿರಂತರವಾಗಿ ನಡೆಯುತ್ತದೆ. ಸುರುಳಿಯು ಕ್ಷೇತ್ರಕ್ಕೆ ಮುಖಮಾಡಿ ನಿಂತಾಗ ಅಭಿವಾಹವು ಗರಿಷ್ಠ, ಅಂಚನ್ನು ತೋರಿದಾಗ ಸೊನ್ನೆ. ಆದರೆ ವಿದ್ಯುಚ್ಚಾಲಕ ಬಲವು ಗರಿಷ್ಠವಾಗುವುದು ಅಂಚು ತೋರಿದ ಕ್ಷಣದಲ್ಲಿ. ಅಭಿವಾಹವು ಅತಿ ವೇಗವಾಗಿ ಬದಲಾಗುವುದು ಆಗಲೇ. ಪ್ರತಿ ಅರ್ಧ ಸುತ್ತಿಗೊಮ್ಮೆ ಬಲದ ದಿಕ್ಕು ತಿರುವುಮುರುವಾಗುವುದರಿಂದ ದೊರೆಯುವುದು ಪರ್ಯಾಯ ವಿದ್ಯುತ್ತು.

ಉದಾಹರಣೆಗೆ, 100 ಸುತ್ತುಗಳ ಸುರುಳಿಯ ವಿಸ್ತೀರ್ಣ 0.01 ಚದರ ಮೀಟರ್, ಕಾಂತಕ್ಷೇತ್ರ 0.1 ಟೆಸ್ಲಾ ಇರಲಿ. ಗರಿಷ್ಠ ಅಭಿವಾಹವು 0.001 ವೆಬರ್. ಸುರುಳಿಯು ಸೆಕೆಂಡಿಗೆ 5 ಸುತ್ತು ತಿರುಗಿದರೆ ಕಾಲು ಸುತ್ತಿಗೆ 0.05 ಸೆಕೆಂಡು ಬೇಕು. ಆ ಅವಧಿಯ ಸರಾಸರಿ ವಿದ್ಯುಚ್ಚಾಲಕ ಬಲ:

 100 × 0.001 ÷ 0.05 = 2 V

ವೇಗವನ್ನು ಇಮ್ಮಡಿಗೊಳಿಸಿದರೆ ಇದು 4 ವೋಲ್ಟ್ ಆಗುತ್ತದೆ. ದೊಡ್ಡ ಜನಕಗಳಲ್ಲಿ ಸಾಮಾನ್ಯವಾಗಿ ಸುರುಳಿಗಳು ಸ್ಥಿರವಾಗಿದ್ದು, ಅವುಗಳ ನಡುವೆ ವಿದ್ಯುತ್ಕಾಂತವೇ ತಿರುಗುತ್ತದೆ. ಹೀಗಾಗಿ ಭಾರೀ ಪ್ರವಾಹವನ್ನು ಚಲಿಸುವ ಭಾಗದಿಂದ ಹೊರತೆಗೆಯುವ ತೊಡಕಿಲ್ಲ.

== ಶಕ್ತಿಯ ಮೂಲ ==
ಲೆಂಜ್‌ನ ನಿಯಮದಂತೆ ಪ್ರೇರಿತ ಪ್ರವಾಹವು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನು ವಿರೋಧಿಸುತ್ತದೆ. ಮಂಡಲವು ತೆರೆದಿರುವಾಗ ಜನಕವು ಹಗುರವಾಗಿ ತಿರುಗುತ್ತದೆ. ದೀಪಗಳನ್ನು ಹೊತ್ತಿಸಿದೊಡನೆ ತಿರುಗಿಸುವುದು ಕಷ್ಟವಾಗುತ್ತದೆ. ಈ ವಿರೋಧವನ್ನು ಮೀರಿ ಮಾಡಿದ ಕೆಲಸವೇ ವಿದ್ಯುಚ್ಛಕ್ತಿಯಾಗಿ ಪರಿಣಮಿಸುತ್ತದೆ.

== ಶಿವನಸಮುದ್ರದ ಕೇಂದ್ರ ==
ಇಲ್ಲಿ ಈ ಕೆಲಸವನ್ನು ಮಾಡುವುದು ಧುಮ್ಮಿಕ್ಕುವ ನೀರು. ಎತ್ತರದಿಂದ ಕೊಳವೆಗಳಲ್ಲಿ ಇಳಿದ ನೀರು ಟರ್ಬೈನನ್ನು ತಿರುಗಿಸುತ್ತದೆ; ಅದರೊಡನೆ ಜನಕವೂ ತಿರುಗುತ್ತದೆ. ಇಲ್ಲಿನ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ, ಬಳಿಕ ಮೈಸೂರಿಗೂ ಹರಿಯಿತು. ಜಲವಿದ್ಯುತ್ ಕೇಂದ್ರಗಳಲ್ಲಿ ಬಳಕೆಯು ಹೆಚ್ಚಿದಾಗ ಜನಕದ ಮೇಲಿನ ವಿರೋಧವೂ ಹೆಚ್ಚಿ ವೇಗವು ಕುಗ್ಗತೊಡಗುತ್ತದೆ. ಆಗ ಗವರ್ನರ್ ಎಂಬ ಸಾಧನವು ಹೆಚ್ಚು ನೀರನ್ನು ಬಿಡುತ್ತದೆ. ನೀರು ಸಾಲದಾದರೆ ಆವರ್ತಾಂಕವು ಇಳಿಯುತ್ತದೆ. ಭಾರತದಲ್ಲಿ ಇಂದು ಇದು 50 ಹರ್ಟ್ಸ್‌ನಷ್ಟಿರಬೇಕು. ಮಾಪಕದಲ್ಲಿ ಇದಕ್ಕಿಂತ ಕಡಿಮೆ ಕಂಡುಬಂದರೆ ಉತ್ಪಾದನೆಯು ಬೇಡಿಕೆಗೆ ಸಾಲುತ್ತಿಲ್ಲವೆಂದು ತಿಳಿಯಬಹುದು.